ಎರರ್ ಬಂದಾಗ ಬೈದೆ, ಬಾರದಿದ್ದಾಗ ಮೋಸಹೋದೆ: ನಂಪೈ ಜೊತೆ ಮೂರು ವರ್ಷ

ಡೊಂಬಿವಲಿಯಲ್ಲಿ ನಾವು ಮೂವರು ಸೇರಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ನಡೆಸುತ್ತೇವೆ. ಹೆಚ್ಚಿನವರು ಕನ್ನಡ ಮಾಧ್ಯಮದವರು. ಅಂಕಗಳ ಲೆಕ್ಕ ಮಾತ್ರ ನನ್ನದು. ಮೂರು ವರ್ಷದಿಂದ ಅದಕ್ಕೆ ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಾಗಿಲ್ಲ, 4 ಜಿಬಿ ರ‍್ಯಾಮಿನ ನನ್ನ ಹಳೆ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ನನಗೆ ಅಷ್ಟು ಸಾಕಿತ್ತು. ಅದರ ವೇಗ, ಸೌಲಭ್ಯಗಳ ಬಗ್ಗೆ ನೀವು ಬೇರೆ ಕಡೆ ಓದಿರುತ್ತೀರಿ. ನಾನು ಬರೆಯುತ್ತಿರುವುದು ಒಂದೇ ವಿಷಯದ ಬಗ್ಗೆ. ಅಂಕಗಳನ್ನು ಒಂದೇ ಅಳತೆಗೆ ತರುವಾಗ, ಎರಡು ಪಟ್ಟಿಗಳ ಆಕಾರ ಹೊಂದದಿದ್ದರೆ ಬರುವ ಶೇಪ್ ಎರರ್, ಮತ್ತು ಬರಬೇಕಾದಾಗ ಬಾರದೆ ಹೋದ ಅದೇ ಎರರ್.

ನನ್ನ ಭಾನುವಾರದ ಸಂಜೆ ಹೀಗೆ ಕಳೆಯುತ್ತದೆ. ಚಹಾ ಆರುವ ಮೊದಲೇ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತೇನೆ. ರೋಲ್ ನಂಬರ್ ಪ್ರಕಾರ ಜೋಡಿಸಿ, ಒಂದೊಂದು ಮಗುವಿಗೆ ಒಂದೊಂದು ಸಾಲಿನಂತೆ ಅಂಕ ತುಂಬಿಸುತ್ತೇನೆ. ವಿಷಯ ಆರು: ಕನ್ನಡ, ಇಂಗ್ಲಿಷ್, ಗಣಿತ ಒಂದು, ಗಣಿತ ಎರಡು, ವಿಜ್ಞಾನ ಒಂದು, ವಿಜ್ಞಾನ ಎರಡು. ನಮ್ಮ ಟೆಸ್ಟ್‌ನಲ್ಲಿ ಭಾಷೆಗಳಿಗೆ 80 ಅಂಕ, ಉಳಿದವಕ್ಕೆ 40. ಹಾಗಾಗಿ ಅಂಕಗಳನ್ನು ಹಾಗೇ ಹೋಲಿಸಿದರೆ ಅರ್ಥವಿಲ್ಲ. ಮೊದಲು ಎಲ್ಲವನ್ನೂ ಶೇಕಡಾಕ್ಕೆ ತರಬೇಕು.

```python
full = np.array([80, 80, 40, 40, 40, 40])
p = m / full * 100
```

ಇಲ್ಲಿ `m` ಅಂದರೆ ಅಂಕಗಳ ಪಟ್ಟಿ. ಈ ಒಂದು ಸಾಲು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಆರು ಅಂಕೆಯ `full` ತಾನಾಗಿಯೇ ಪ್ರತಿ ಮಗುವಿನ ಸಾಲಿಗೂ ಹೋಗಿ ಕೂರುತ್ತದೆ. ಲೂಪ್ ಬೇಡ, ಪ್ರತಿ ಕಾಲಮ್ಮಿಗೂ ಬೇರೆ ಬೇರೆ ಫಾರ್ಮುಲಾ ಎಳೆಯುವುದು ಬೇಡ. ಇದಕ್ಕೇ ಬ್ರಾಡ್‌ಕಾಸ್ಟಿಂಗ್ ಎನ್ನುವುದು.

ನನಗೆ ಬೇಕಿದ್ದದ್ದು ಮುಂದಿನ ಹೆಜ್ಜೆ. ಈ ಮಗು ತನ್ನದೇ ಸರಾಸರಿಗೆ ಹೋಲಿಸಿದರೆ ಯಾವ ವಿಷಯದಲ್ಲಿ ಹಿಂದೆ ಬಿದ್ದಿದೆ? ಕ್ಲಾಸಿನ ಸರಾಸರಿ ಅಲ್ಲ, ಮಗುವಿನದೇ. ಅದಕ್ಕೆ ಪ್ರತಿ ಸಾಲಿನ ಸರಾಸರಿ ತೆಗೆದು, ಅದೇ ಸಾಲಿನಿಂದ ಕಳೆಯಬೇಕು. ನಾನು ಬರೆದದ್ದು ಹೀಗೆ:

```python
d = p - p.mean(axis=1)
```

ಮೊದಲ ವರ್ಷ ಇದನ್ನು ಭಾನುವಾರದ ಬ್ಯಾಚ್‌ಗೆ ಬರೆದೆ. ಸ್ವಲ್ಪ ಜಾಸ್ತಿ ಗಮನ ಬೇಕಾದ ಆರು ಮಕ್ಕಳ ಬ್ಯಾಚ್ ಅದು. ಕೋಡ್ ಚೆನ್ನಾಗಿ ಓಡಿತು. ದೀಪಾವಳಿ ರಜೆಯ ನಂತರ ಶುರುವಾಗಿ ಪ್ರಿಲಿಮ್ ತನಕ, ಪ್ರತಿ ಟೆಸ್ಟ್ ಆದ ಮೇಲೆ ಆರು ಮನೆಗೂ ಒಂದೊಂದು ಚೀಟಿ ಕಳಿಸಿದೆ: ಯಾವ ವಿಷಯ ಮೇಲೆ, ಯಾವುದು ಕೆಳಗೆ.

ಪ್ರಿಲಿಮ್ ಆದ ಮೇಲೆ ಬೆಳಗಿನ ದೊಡ್ಡ ಬ್ಯಾಚ್‌ಗೂ ಹೀಗೇ ಚೀಟಿ ಮಾಡೋಣ ಅಂತ ಕೂತೆ. 38 ಮಕ್ಕಳು. ಅದೇ ಕೋಡ್, ಅದೇ ವಿಷಯಗಳು. ರನ್ ಮಾಡಿದ ಕೂಡಲೇ ಇದು ಬಂತು:

```
ValueError: operands could not be broadcast together with shapes (38,6) (38,)
```

ತುಂಬ ಸಿಟ್ಟು ಬಂತು. ಎರಡು ತಿಂಗಳಿಂದ ಓಡಿದ ಕೋಡ್ ಇದು, ನಾನು ಒಂದಕ್ಷರವನ್ನೂ ಬದಲಿಸಿರಲಿಲ್ಲ. 38 ಮಕ್ಕಳು, 38 ಸರಾಸರಿ, ಕಳೆ ಅಂದರೆ ಕಳೆಯಲಿಕ್ಕೆ ಏನು ಕಷ್ಟ? ಆ ರಾತ್ರಿಯೇ ವಿಮರ್ಶೆ ಬರೆದಿದ್ದರೆ ಎರಡು ಸ್ಟಾರ್ ಕೊಟ್ಟಿರುತ್ತಿದ್ದೆ.

ನಿಯಮ ಸರಿಯಾಗಿ ಓದಿದ್ದು ಆಮೇಲೆ. ಪಟ್ಟಿಯಲ್ಲಿ ಎಷ್ಟು ಸಾಲು, ಎಷ್ಟು ಕಾಲಮ್ಮು ಅನ್ನುವುದೇ ಅದರ ಆಕಾರ. ಎರಡು ಆಕಾರಗಳನ್ನು ಹೋಲಿಸುವಾಗ ನಂಪೈ ಬಲಗಡೆಯಿಂದ ನೋಡುತ್ತದೆ. ನಾವು ಕೂಡುವಾಗ ಬಿಡಿಸ್ಥಾನದ ಕೆಳಗೆ ಬಿಡಿಸ್ಥಾನ ಇಡುತ್ತೇವಲ್ಲ, ಹಾಗೆ. `(38,6)` ಕೆಳಗೆ `(38,)` ಇಟ್ಟರೆ 6ರ ಕೆಳಗೆ 38 ಬರುತ್ತದೆ. ಎರಡೂ ಒಂದೇ ಆಗಿರಬೇಕು, ಇಲ್ಲವೇ ಅದರಲ್ಲಿ ಒಂದು 1 ಆಗಿರಬೇಕು. ಎರಡೂ ಅಲ್ಲದಿದ್ದರೆ ಎರರ್. ಎಡಗಡೆ ಜಾಗ ಖಾಲಿ ಇದ್ದರೆ ಮಾತ್ರ ಅದು ತಾನೇ 1 ಅಂತ ತುಂಬಿಕೊಳ್ಳುತ್ತದೆ. `full` ಸಲೀಸಾಗಿ ಕೂತದ್ದು ಅದಕ್ಕೇ: ಅದರ ಆಕಾರ `(6,)`, 6ರ ಕೆಳಗೆ 6.

ಸರಾಸರಿ ತೆಗೆದಾಗ ಕಾಲಮ್ಮುಗಳು ಹೋಗಿ ಬರೀ 38 ಅಂಕೆಗಳ ಪಟ್ಟಿ ಉಳಿಯುತ್ತದೆ. ಅದು ಮಕ್ಕಳ ಪಟ್ಟಿಯೋ ವಿಷಯಗಳ ಪಟ್ಟಿಯೋ ಅನ್ನುವ ಗುರುತು ಅದರಲ್ಲಿ ಇರುವುದಿಲ್ಲ. ಗುರುತು ಉಳಿಯಬೇಕಾದರೆ ನಾವೇ ಹೇಳಬೇಕು:

```python
d = p - p.mean(axis=1, keepdims=True)
```

ಈಗ ಸರಾಸರಿಯ ಆಕಾರ `(38,1)`. 6ರ ಕೆಳಗೆ 1, 38ರ ಕೆಳಗೆ 38. ಓಡಿತು. ಇನ್ನು ಮಲಗೋಣ ಅಂದುಕೊಂಡಾಗ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಹಾಗಾದರೆ ಆರು ಮಕ್ಕಳಿಗೆ ಇದು ಹೇಗೆ ಓಡಿತು?

ಆರು ಮಕ್ಕಳು, ಆರು ವಿಷಯ. `(6,6)` ಕೆಳಗೆ `(6,)`. 6ರ ಕೆಳಗೆ 6. ನಿಯಮದ ಪ್ರಕಾರ ಎಲ್ಲ ಸರಿ. ಆದರೆ ಅದು ಮಕ್ಕಳ ಸರಾಸರಿಯನ್ನು ವಿಷಯಗಳ ಮೇಲೆ ಹೊರಿಸಿತ್ತು. ಮೊದಲ ಮಗುವಿನ ಸರಾಸರಿಯನ್ನು ಎಲ್ಲರ ಕನ್ನಡದಿಂದ ಕಳೆದಿತ್ತು, ಎರಡನೇ ಮಗುವಿನದನ್ನು ಎಲ್ಲರ ಇಂಗ್ಲಿಷಿನಿಂದ, ಹೀಗೇ ಆರೂ. ಎರಡು ತಿಂಗಳು, ಆರು ಮನೆ, ಎಲ್ಲ ಚೀಟಿಯೂ ತಪ್ಪು.

ಮೂರು ಮಕ್ಕಳು, ಮೂರು ವಿಷಯ ಇಟ್ಟು ತೋರಿಸುತ್ತೇನೆ. ಕನ್ನಡ, ಗಣಿತ, ವಿಜ್ಞಾನ, ಶೇಕಡಾದಲ್ಲಿ:

```python
p = np.array([[95, 85, 75],
              [50, 60, 40],
              [70, 80, 60]])
```

ಸರಾಸರಿಗಳು 85, 50, 70. ಎರಡನೇ ಮಗುವನ್ನು ನೋಡಿ. ಅದರ ಕನ್ನಡ 50, ಸರಾಸರಿಯೂ 50. ಅಂದರೆ ಕನ್ನಡದಲ್ಲಿ ವ್ಯತ್ಯಾಸ ಸೊನ್ನೆ, ಗಣಿತದಲ್ಲಿ 10 ಮೇಲೆ, ವಿಜ್ಞಾನದಲ್ಲಿ 10 ಕೆಳಗೆ. ನನ್ನ ಹಳೆ ಕೋಡ್ ಕೊಟ್ಟದ್ದು ಇದು:

```
[[ 10.  35.   5.]
 [-35.  10. -30.]
 [-15.  30. -10.]]
```

ಕನ್ನಡದಲ್ಲಿ 35 ಕೆಳಗೆ! ಮೊದಲ ಸಾಲಿನ ಮಗು ಕ್ಲಾಸಿಗೇ ಮೊದಲು. ಅದರ ದೊಡ್ಡ ಸರಾಸರಿ ಎಲ್ಲರ ಕನ್ನಡವನ್ನೂ ಕೆಳಗೆ ಎಳೆದಿದೆ. ಎರಡನೇ ಮಗುವಿನ ಸಣ್ಣ ಸರಾಸರಿಯಿಂದಾಗಿ ಎಲ್ಲರೂ ಗಣಿತದಲ್ಲಿ ಜಾಣರಾಗಿ ಕಾಣುತ್ತಿದ್ದಾರೆ. ನಮ್ಮ ಬ್ಯಾಚ್‌ನಲ್ಲೂ ರೋಲ್ ನಂಬರ್ ಒಂದರ ಹುಡುಗಿಯೇ ಚುರುಕು. ಒಬ್ಬ ಹುಡುಗನ ತಾಯಿ ಚೀಟಿ ಹಿಡಿದುಕೊಂಡೇ ಬಂದಿದ್ದರು. "ಟೀಚರ್, ಕನ್ನಡದಲ್ಲಿ ಇಷ್ಟು ಕೆಳಗೆ ಅಂತ ಬರೆದಿದ್ದೀರಲ್ಲ, ಇವನು ಮನೇಲಿ ದಿನಾ ಅಜ್ಜನಿಗೆ ಪೇಪರ್ ಓದಿ ಹೇಳ್ತಾನೆ" ಅಂದರು. ನಾನು ಚೀಟಿಯನ್ನೇ ನಂಬಿದೆ. ವ್ಯಾಕರಣ ಸ್ವಲ್ಪ ಜಾಸ್ತಿ ಓದಿಸಿ ಅಂದೆ. ಆ ಹುಡುಗನಿಗೆ ನಿಜವಾಗಿ ಬೇಕಿದ್ದದ್ದು ವಿಜ್ಞಾನ.

ನಾನು ಪರೀಕ್ಷೆ ಮಾಡಿ ನೋಡಿರಲಿಲ್ಲವೇ? ನೋಡಿದ್ದೆ. ಮೊದಲ ಮಗುವಿನ ಕನ್ನಡವನ್ನು ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದ್ದೆ, ಸರಿ ಬಂದಿತ್ತು. ಮೇಲಿನ ಪಟ್ಟಿ ನೋಡಿ: 95ರಿಂದ 85 ಕಳೆದರೆ 10, ಸರಿಯಾಗಿಯೇ ಇದೆ. ಮೂಲೆಯಿಂದ ಮೂಲೆಗೆ ಇಳಿಯುವ 10, 10, -10 ಮೂರೂ ಸರಿ. ಏಕೆಂದರೆ ಮೊದಲ ಸಾಲು ಮೊದಲ ಕಾಲಮ್ಮನ್ನು ಕೂಡುವ ಜಾಗದಲ್ಲಿ ಎರಡು ರೀತಿ ಕಳೆದರೂ ಕಳೆಯುವುದು ಅದೇ ಸರಾಸರಿ. ಯಾರೇ ಆಗಲಿ ತಾಳೆ ನೋಡುವುದು ಎಡಮೂಲೆಯ ಮೊದಲ ಮನೆಯನ್ನೇ ಅಲ್ವಾ? ಚೌಕದ ಪಟ್ಟಿಯಲ್ಲಿ ಆ ಮನೆ ಯಾವತ್ತೂ ಸರಿಯಾಗಿಯೇ ಇರುತ್ತದೆ. ಇದು ಗೊತ್ತಾದಾಗ ಸಿಟ್ಟೆಲ್ಲ ಎರರ್ ಮೇಲಿಂದ ಇಳಿಯಿತು. 38 ಮಕ್ಕಳ ಬ್ಯಾಚ್‌ನಲ್ಲಿ ಅದು ನನ್ನನ್ನು ತಡೆದದ್ದರಿಂದ ಮಾತ್ರ ನನಗೆ ನಿಜ ತಿಳಿಯಿತು.

ತಾಳೆ ನೋಡಲು ಈಗ ಬೇರೆ ದಾರಿ ಇಟ್ಟುಕೊಂಡಿದ್ದೇನೆ. ಯಾರದೇ ಆಗಲಿ, ಅಂಕಗಳಿಂದ ಅವರದೇ ಸರಾಸರಿ ಕಳೆದರೆ ಆ ಸಾಲಿನ ಮೊತ್ತ ಸೊನ್ನೆ ಆಗಲೇಬೇಕು. ತಪ್ಪು ಪಟ್ಟಿಯಲ್ಲಿ ಸಾಲುಗಳ ಮೊತ್ತ 50, -55, 5. ಒಂದೂ ಸೊನ್ನೆ ಇಲ್ಲ. ಆದ್ದರಿಂದ ಈ ಸಾಲು:

```python
assert np.allclose(d.sum(axis=1), 0)
```

ದಶಾಂಶದ ಸಣ್ಣ ವ್ಯತ್ಯಾಸ ಉಳಿಯುವುದರಿಂದ `== 0` ಅಂತ ನೋಡಬಾರದು, `allclose` ಬೇಕು. ಗೈರುಹಾಜರಾದ ಮಗುವಿನ ಜಾಗದಲ್ಲಿ `np.nan` ಇಟ್ಟಿದ್ದರೆ ಆ ಮಗುವಿನ ಸಾಲು ಪೂರ್ತಿ `nan` ಆಗಿಬಿಡುತ್ತದೆ. ಆಗ `np.nanmean`, `np.nansum` ಬಳಸಬೇಕು. `nanmean` ಕೂಡ `keepdims=True` ತೆಗೆದುಕೊಳ್ಳುತ್ತದೆ.

ಹೋದ ವರ್ಷ ಇನ್ನೊಂದು ಕಡೆ ಎಡವಿದೆವು. ನಮ್ಮಲ್ಲಿ ವಿಜ್ಞಾನ ಹೇಳಿಕೊಡುವವರು ಅಂಕಗಳನ್ನು ಅಡ್ಡಡ್ಡ ತುಂಬಿಸಿದ್ದರು: ಸಾಲಿಗೊಂದು ವಿಷಯ, ಕಾಲಮ್ಮಿಗೊಂದು ಮಗು. ಆಕಾರ `(6,38)` ಆಯಿತು, `full`ನಿಂದ ಭಾಗಿಸಲು ಹೋದಾಗ ಎರರ್ ಬಂತು. ಅವರು `m.reshape(38, 6)` ಮಾಡಿದರು. ಎರರ್ ಹೋಯಿತು. ಆದರೆ `reshape` ಪಟ್ಟಿಯನ್ನು ತಿರುಗಿಸುವುದಿಲ್ಲ, ಅಂಕೆಗಳನ್ನು ಇದ್ದ ಕ್ರಮದಲ್ಲೇ ಹೊಸ ಸಾಲುಗಳಿಗೆ ಸುರಿಯುತ್ತದೆ. ಮೊದಲ ಮಗುವಿನ ಸಾಲಿನಲ್ಲಿ ಮೊದಲ ಆರು ಮಕ್ಕಳ ಕನ್ನಡದ ಅಂಕಗಳು ಕೂತವು. ತಿರುಗಿಸಲು ಬೇಕಾದದ್ದು `m.T`. ಈ ಸಲ ಸಿಕ್ಕಿಬಿದ್ದದ್ದು ಸುಲಭ: ಮೂರನೇ ಮಗುವಿನ ಕನ್ನಡದ 64 ಅಂಕ ಗಣಿತದ ಜಾಗಕ್ಕೆ ಹೋಗಿ 40ರಿಂದ ಭಾಗವಾಯಿತು, ಶೇಕಡಾ 160 ಬಂತು. ಎಲ್ಲ ವಿಷಯಕ್ಕೂ ಒಂದೇ ಅಂಕ ಇದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಈ ತಪ್ಪಿಗೆ ನನ್ನ ಸೊನ್ನೆಯ ಪರೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ, ಕಲಸಿದ ಸಾಲಿನಿಂದ ಅದರದೇ ಸರಾಸರಿ ಕಳೆದರೂ ಮೊತ್ತ ಸೊನ್ನೆಯೇ. ಹಾಗಾಗಿ ಕೊನೆಯ ರೋಲ್ ನಂಬರಿನ ಉತ್ತರಪತ್ರಿಕೆಗಳನ್ನು ತೆಗೆದು, `m[-1]` ಜೊತೆ ಆರೂ ಅಂಕ ಹೋಲಿಸಿ ನೋಡುತ್ತೇನೆ. ಅರ್ಧ ನಿಮಿಷದ ಕೆಲಸ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಎರರ್ ಕೊಟ್ಟದ್ದಕ್ಕಲ್ಲ, ಆರು ಮಕ್ಕಳ ವಿಷಯದಲ್ಲಿ ಸುಮ್ಮನಿದ್ದದ್ದಕ್ಕೆ. ನಂಪೈಗೆ ಗೊತ್ತಿರುವುದು ಆಕಾರ ಮಾತ್ರ, ಯಾವುದು ಮಗು ಯಾವುದು ವಿಷಯ ಅನ್ನುವುದು ಗೊತ್ತಿಲ್ಲ. ಸಾಲು, ಕಾಲಮ್ಮುಗಳ ಎಣಿಕೆ ಒಂದೇ ಆಗುವಂಥ ಸಣ್ಣ ಬ್ಯಾಚ್ ನಿಮ್ಮಲ್ಲಿದ್ದರೆ, ಕೋಡನ್ನು ಅದರ ಮೇಲೆ ಮೊದಲು ಓಡಿಸಬೇಡಿ. ಒಬ್ಬರನ್ನು ಬಿಟ್ಟು `p[:5]` ಮೇಲೆ ಓಡಿಸಿ. `(5,6)` ಕೆಳಗೆ `(5,)` ಬಂದರೆ ತಪ್ಪು ತಕ್ಷಣ ಹೊರಗೆ ಬರುತ್ತದೆ.

ಆ ಜನವರಿಯಲ್ಲಿ ಆರು ಮನೆಗೂ ಹೊಸ ಚೀಟಿ ಕೊಟ್ಟು, ಹಳೆಯದು ನನ್ನ ತಪ್ಪಿನಿಂದ ಆದದ್ದು ಅಂತ ಹೇಳಿ ಬಂದೆ. ಆ ಹುಡುಗನ ತಾಯಿ ಹೊಸ ಚೀಟಿಯನ್ನು ಬಾಗಿಲಲ್ಲೇ ಓದಿದರು. "ಅಜ್ಜನಿಗೆ ಹೇಳ್ತೇನೆ ಟೀಚರ್, ಖುಷಿ ಪಡ್ತಾರೆ" ಅಂದು, ವಿಜ್ಞಾನಕ್ಕೆ ಯಾವ ದಿನ ಕಳಿಸಲಿ ಅಂತ ಕೇಳಿದರು. ಬೋರ್ಡ್ ಪರೀಕ್ಷೆಗೆ ಇನ್ನೂ ಒಂದು ತಿಂಗಳ ಮೇಲಿತ್ತು.