ಬಾರದ ಹಣಕ್ಕೆ ‘ಜಮಾ’ ಬರೆಯಬೇಡಿ

ಹಾವೇರಿ ಜಿಲ್ಲೆಯ ಒಂದು ಸ್ವಸಹಾಯ ಸಂಘದಲ್ಲಿ ಯಾರೂ ಹಣ ಕದಿಯಲಿಲ್ಲ. ಆದರೂ ಎರಡು ವರ್ಷದ ಹೊತ್ತಿಗೆ ಪೆಟ್ಟಿಗೆಯಲ್ಲಿ 1,800 ರೂಪಾಯಿ ಕಡಿಮೆ ಬಿತ್ತು. ಪ್ರತಿನಿಧಿಯ ಮೇಲೆ ಅನುಮಾನ ಹುಟ್ಟಿತು, ಸಭೆಗಳು ನಿಂತವು. ನಿಮ್ಮ ಸಂಘದ ಪುಸ್ತಕ ಬರೆಯುವವರು ಇದನ್ನು ದಯವಿಟ್ಟು ಓದಬೇಕು.

ಸದಸ್ಯರು 15 ಮಂದಿ. ತಿಂಗಳಿಗೊಂದು ಸಭೆ, ತಲಾ 100 ರೂಪಾಯಿ ಉಳಿತಾಯ. ಫೆಬ್ರುವರಿ, ಮಾರ್ಚ್ ಬಂತೆಂದರೆ ಮೂವರು ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಗೆ ಹೋಗುತ್ತಿದ್ದರು, ಸಭೆಗೆ ಬರುತ್ತಿರಲಿಲ್ಲ. “ಬಂದ ಮ್ಯಾಲೆ ಕೊಡ್ತಾರ ಬಿಡ್ರಿ” ಅಂತ ಪುಸ್ತಕ ಬರೆಯುವವರು ಅವರ ಹೆಸರಿನ ಮುಂದಿನ ಮನೆಯಲ್ಲೂ 100 ಬರೆದು, ಮೊತ್ತ 1,500 ಎಂದು ಕೂಡಿಸಿಬಿಡುತ್ತಿದ್ದರು. ಕೈಗೆ ಬಂದದ್ದು 1,200. ಎರಡು ಹಂಗಾಮಿನಲ್ಲಿ ಹೀಗೆ 12 ಕಂತು ಬರೀ ಪುಸ್ತಕದಲ್ಲಿ ಜಮಾ ಆದವು. ಅವರ ಪಾಸ್ ಪುಸ್ತಕದಲ್ಲೂ ಬರೆದು ಸಹಿ ಹಾಕಿ ಆಗಿತ್ತು. ಆಮೇಲೆ ಕೇಳಿದರೆ, “ಅಕ್ಕಾರ, ನಾ ತುಂಬೇನ್ರಿ, ಪುಸ್ತಕದಾಗ ನೋಡ್ರಿ” ಎಂಬ ಉತ್ತರ. ಅದನ್ನು ಸುಳ್ಳೆನ್ನಲು ಯಾರ ಬಳಿಯೂ ದಾಖಲೆ ಇರಲಿಲ್ಲ. ಪಾಸ್ ಪುಸ್ತಕದ ಆ ಸಾಲೇ ಅವರ ರಶೀದಿ.

ಕೊರತೆ ಇಷ್ಟು ದಿನ ಕಾಣದೆ ಉಳಿದದ್ದು ಯಾಕೆಂದರೆ, ಪ್ರತಿ ಸಭೆಯಲ್ಲಿ ಹಿಂದಿನ ಮೊತ್ತಕ್ಕೆ 1,500 ಕೂಡಿಸಿ ಓದುತ್ತಿದ್ದರೇ ಹೊರತು ಆ ಹಣ ಎಲ್ಲೆಲ್ಲಿದೆ ಎಂದು ನೋಡುತ್ತಿರಲಿಲ್ಲ. 24ನೇ ಸಭೆಯಲ್ಲಿ ಸಾಲ ಕೇಳಿದವರಿಗೆ ಕೊಡಲು ಪೆಟ್ಟಿಗೆ ತೆಗೆದಾಗ ಲೆಕ್ಕ ಹೊರಬಿತ್ತು. ಉಳಿತಾಯ 36,000, ಸದಸ್ಯರ ಸಾಲದಿಂದ ಬಂದ ಬಡ್ಡಿ 4,200, ದಂಡ 300. ಬರೆದಿಟ್ಟ ಖರ್ಚು 700 ಕಳೆದರೆ ಸಂಘದ ಹಣ 39,800 ಇರಬೇಕು. ಸದಸ್ಯರ ಮೇಲೆ ಉಳಿದ ಅಸಲು 26,000, ಬ್ಯಾಂಕಿನಲ್ಲಿ 8,600. ಅಂದರೆ ಪೆಟ್ಟಿಗೆಯಲ್ಲಿ 5,200 ಇರಬೇಕಿತ್ತು. ಎಣಿಸಿದರೆ 3,400. ಕಡಿಮೆ ಬಿದ್ದದ್ದರಲ್ಲಿ 1,200 ಆ 12 ಕಂತುಗಳದ್ದು. ಉಳಿದ 600, ಬ್ಯಾಂಕಿಗೆ ಹೋಗಿಬಂದ ಬಸ್ ಚಾರ್ಜು, ಝೆರಾಕ್ಸ್ ಅಂತ ಪೆಟ್ಟಿಗೆಯಿಂದ ತೆಗೆದು ಚೀಟಿ ಇಡದೇ ಹೋದದ್ದು.

ಈ ತಾಳೆಯನ್ನು ಪ್ರತಿ ಸಭೆಯಲ್ಲೂ ನೋಡಬೇಕು; ಹತ್ತು ನಿಮಿಷದ ಕೆಲಸ. ಸಂಘ ಬ್ಯಾಂಕಿನಿಂದ ಸಾಲ ತಂದಿದ್ದರೆ, ಬ್ಯಾಂಕಿಗೆ ಕೊಡಬೇಕಾದ ಬಾಕಿಯನ್ನು ಪೆಟ್ಟಿಗೆ, ಬ್ಯಾಂಕು, ಸದಸ್ಯರ ಸಾಲ ಈ ಮೂರರ ಮೊತ್ತದಿಂದ ಕಳೆದು ನೋಡಿ.

ಅದಕ್ಕಿಂತ ಮೊದಲು ಹಣ ತೆಗೆದುಕೊಳ್ಳುವ ಕ್ರಮ ಸರಿಯಾಗಬೇಕು. ಸಭೆ ಶುರುವಾದ ಕೂಡಲೇ ಪೆಟ್ಟಿಗೆಯ ಹಳೇ ನಗದು ಎಣಿಸಿ, ಹಿಂದಿನ ಸಭೆಯ ಕೊನೆಯ ಶಿಲ್ಕಿಗೆ ಹೊಂದುತ್ತದೆಯೇ ನೋಡಿ. ಇವತ್ತಿನ ಹಣ ಅದಕ್ಕೆ ಬೆರೆಯಬಾರದು, ಬೇರೆ ತಟ್ಟೆಯಲ್ಲಿ ಇಡಿ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಹಣ ಕೈಗೆ ಬಂದ ಮೇಲೆ ಪಾಸ್ ಪುಸ್ತಕದಲ್ಲೂ ಉಳಿತಾಯದ ಪಟ್ಟಿಯಲ್ಲೂ ಬರೆಯಿರಿ. ಓದು ಬಾರದ ತಾಯಂದಿರೂ ಲೆಕ್ಕ ಹಿಡಿಯುವಂತೆ, ಉಳಿತಾಯ ಕೊಟ್ಟವರೆಲ್ಲ ಒಂದೊಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಲಿ. ಹನ್ನೆರಡು ಬೀಜ ಬಿದ್ದಿದ್ದರೆ ಉಳಿತಾಯ 1,200 ಮಾತ್ರ. ಪುಸ್ತಕ 1,500 ಅಂದರೆ ಅಲ್ಲೇ ತಡೆಯಬಹುದು. ಸಾಲದ ಕಂತು, ಬಡ್ಡಿ ಈ ತಟ್ಟೆಗೆ ಬೇಡ, ಅವನ್ನು ಉಳಿತಾಯ ಎಣಿಸಿ ಮುಗಿದ ಮೇಲೆ ತೆಗೆದುಕೊಳ್ಳಿ.

ಬಾರದವರ ಹೆಸರಿನ ಮುಂದಿನ ಮನೆಯನ್ನು ಖಾಲಿ ಬಿಡಬೇಡಿ, ಖಾಲಿ ಜಾಗದಲ್ಲಿ ಆಮೇಲೆ ಯಾರಾದರೂ ಅಂಕಿ ತುಂಬಬಹುದು. ಅಡ್ಡಗೆರೆ ಎಳೆದು ಪಕ್ಕದ ಬಾಕಿ ಅಂಕಣದಲ್ಲಿ 100 ಬರೆಯಿರಿ. ಅವರು ಏಪ್ರಿಲ್ ಸಭೆಗೆ 300 ತಂದರೆ ಏಪ್ರಿಲ್ ತಾರೀಕಿನಲ್ಲೇ 300 ಜಮಾ ಮಾಡಿ, “ಫೆಬ್ರುವರಿ, ಮಾರ್ಚ್ ಬಾಕಿ ಸೇರಿ” ಎಂದು ಬರೆದು ಬಾಕಿ ತೆಗೆಯಿರಿ. ಹಿಂದಿನ ಪುಟ ಮುಟ್ಟಬೇಡಿ. ಆ ದಿನ ಅವರು ಬಟ್ಟಲಿಗೆ ಮೂರು ಬೀಜ ಹಾಕಬೇಕು.

ಇಷ್ಟು ಮಾಡಿದರೂ ಒಂದು ತಪ್ಪು ಈ ತಾಳೆಗೆ ಸಿಗುವುದಿಲ್ಲ. ಒಬ್ಬರು ಅಸಲು 500, ಬಡ್ಡಿ 100 ಕೊಟ್ಟಾಗ ಪೂರ್ತಿ 600 ಅಸಲಿಗೆ ಬರೆದರೂ ಒಟ್ಟು ಲೆಕ್ಕ ಹೊಂದಿಕೊಳ್ಳುತ್ತದೆ. ಬಡ್ಡಿ ಬಂದದ್ದು ಮಾತ್ರ ಮಾಯ, ಆ ಸದಸ್ಯರ ಸಾಲ 100 ಹೆಚ್ಚಿಗೆ ತೀರಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಸಭೆಯಲ್ಲಿ ಮೂರ್ನಾಲ್ಕು ಮಂದಿಯ ಪಾಸ್ ಪುಸ್ತಕವನ್ನು, ಪುಸ್ತಕ ಬರೆಯದ ಇನ್ನೊಬ್ಬರ ಕೈಯಲ್ಲಿ ಕೊಟ್ಟು, ಸಾಲದ ಖಾತೆಗೆ ಹಿಡಿದು ಜೋರಾಗಿ ಓದಿಸಿ. ನಾಲ್ಕೈದು ತಿಂಗಳಲ್ಲಿ ಎಲ್ಲರದೂ ಒಂದು ಸುತ್ತು ಮುಗಿಯುತ್ತದೆ.

ನಿಮ್ಮ ಪುಸ್ತಕದಲ್ಲಿ ಈಗಾಗಲೇ ಇಂಥ ಜಮಾ ಇದ್ದರೆ ವೈಟ್ನರ್ ಹಚ್ಚಬೇಡಿ, ಹಾಳೆ ಕಿತ್ತು ಹೊಸದಾಗಿ ಬರೆಯಲೂ ಬೇಡಿ. ಆ ಸದಸ್ಯರು ಕೂತಿರುವ ಸಭೆಯಲ್ಲೇ ಮಾತು ಎತ್ತಿ, ಅವರು ಒಪ್ಪಿದರೆ ತಪ್ಪು ಅಂಕಿಯ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ, ತಾರೀಕು, ಅವರದೂ ಇಬ್ಬರು ಪ್ರತಿನಿಧಿಗಳದೂ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಪಾಸ್ ಪುಸ್ತಕದಲ್ಲೂ ಹಾಗೇ ತಿದ್ದಿ, ಯಾರ ಯಾವ ತಿಂಗಳ ಕಂತು ಎಂಬುದನ್ನು ಠರಾವು ಪುಸ್ತಕದಲ್ಲಿ ಅಕ್ಷರದಲ್ಲಿ ಬರೆಯಿರಿ.