ಪತ್ರದಲ್ಲಿ ಬರೆದದ್ದು, ತಟ್ಟೆಗೆ ಬಂದದ್ದು: ಕಚೇರಿ ಊಟದ ಸೇವೆಯೊಂದರ ದೀರ್ಘಕಾಲದ ವಿಮರ್ಶೆ

ನಮ್ಮ ಕಚೇರಿಗೆ ನಿತ್ಯ ಮಧ್ಯಾಹ್ನದ ಊಟ ಪೂರೈಸುವ ಕೇಟರಿಂಗ್ ಸಂಸ್ಥೆಯ ಕರಾರನ್ನು ಮೂರನೆಯ ವರ್ಷಕ್ಕೆ ಮುಂದುವರಿಸುವ ಮುನ್ನ, ಅವರು ಮೊಟ್ಟಮೊದಲು ಕಳುಹಿಸಿದ್ದ ಎರಡು ಪುಟಗಳ ಪ್ರಸ್ತಾವನೆ ಪತ್ರವನ್ನು ಕಡತದಿಂದ ತೆಗೆದು ಮತ್ತೆ ಓದಿದೆ. ಊಟದ ವ್ಯವಸ್ಥೆ ನೋಡಿಕೊಳ್ಳುವ ಹೊಣೆ ನನ್ನದಾದ್ದರಿಂದ ಇಂಥ ಪತ್ರಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಹೆಚ್ಚಿನವು ಒಂದೇ ಅಚ್ಚಿನವು: ಅನುಭವಿ ಬಾಣಸಿಗರು, ಶುಚಿ, ರುಚಿ, ನೂರಾರು ಸಂತೃಪ್ತ ಗ್ರಾಹಕರು. ಈ ಪತ್ರದಲ್ಲಿ ಅವೆಲ್ಲ ನಾಲ್ಕು ಸಾಲಿಗೆ ಮುಗಿದು, ಉಳಿದ ಜಾಗವನ್ನೆಲ್ಲ ಅಡುಗೆ ಒಲೆಯಿಂದ ಇಳಿದ ಕ್ಷಣದಿಂದ ತಟ್ಟೆಗೆ ಬೀಳುವ ಕ್ಷಣದವರೆಗಿನ ವಿವರಕ್ಕೆ ಬಿಟ್ಟಿದ್ದರು. ಮೆನು, ದರ, ಪರವಾನಗಿ ಮುಂತಾದವು ಎಲ್ಲ ಪೂರೈಕೆದಾರರ ಪತ್ರದಲ್ಲೂ ಇರುವಂಥವೇ ಆದ್ದರಿಂದ ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವಾಕ್ಯ: "ನಮ್ಮ ಅಡುಗೆಮನೆಯಿಂದ ನಿಮ್ಮ ಕಚೇರಿಗೆ ನಲವತ್ತು ನಿಮಿಷದ ದಾರಿ, ಆದ್ದರಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಅಷ್ಟು ಹೊತ್ತು ಇದ್ದರೆ ಕೆಡುವ ಪದಾರ್ಥಗಳನ್ನು ನಾವು ನಿಮ್ಮ ಮೆನುವಿನಲ್ಲಿ ಸೇರಿಸುವುದಿಲ್ಲ." ಕೆಡುವುದೆಂದರೆ ಹಳಸುವುದು ಮಾತ್ರವಲ್ಲ ಎಂದೂ ವಿವರಿಸಿದ್ದರು. ಬಿಸಿಯಾದ ಕರಿದ ತಿಂಡಿಯನ್ನು ಮುಚ್ಚಿಟ್ಟರೆ ಅದರಿಂದಲೇ ಹೊರಬಂದ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ ಅದರ ಮೇಲೆಯೇ ತೊಟ್ಟಿಕ್ಕುತ್ತದೆ, ಗರಿಗರಿಯಾಗಿದ್ದದ್ದು ಮೆತ್ತಗಾಗುತ್ತದೆ. ಹಾಗಾಗಿ ಕರಿದದ್ದು ಬೇಕಾದ ದಿನ ಒಬ್ಬರನ್ನು ಸಣ್ಣ ಒಲೆಯೊಂದಿಗೆ ಕಚೇರಿಗೇ ಕಳುಹಿಸುತ್ತೇವೆ, ಅದಕ್ಕೆ ಪ್ರತ್ಯೇಕ ದರ ಎಂದಿದ್ದರು. ಮಾಡಲಾಗದ್ದನ್ನು ಪ್ರಸ್ತಾವನೆಯಲ್ಲೇ ಹೇಳುವ ಪೂರೈಕೆದಾರರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ರುಚಿ ನೋಡುವ ವಿಷಯದಲ್ಲೂ ಅವರ ಪತ್ರ ಬೇರೆ ದಾರಿ ಹಿಡಿದಿತ್ತು. ಸಾಮಾನ್ಯವಾಗಿ ಕೇಟರರ್‌ಗಳು ಐದಾರು ಜನರಿಗೆ ಉಚಿತವಾಗಿ ಊಟ ತಂದು, ಸಭಾಕೊಠಡಿಯಲ್ಲಿ ಬಡಿಸಿ, ಅಲ್ಲೇ ಒಪ್ಪಿಗೆ ಕೇಳುತ್ತಾರೆ. ಐದು ಜನರ ಅಡುಗೆಗೂ ನೂರು ಜನರ ಅಡುಗೆಗೂ ಪಾತ್ರೆ, ಒಲೆ, ಕೈ ಎಲ್ಲವೂ ಬೇರೆ. ದೊಡ್ಡ ಪಾತ್ರೆಯಲ್ಲಿ ತಳ ಹಿಡಿಯುವುದು, ಉಪ್ಪು ಒಂದೆಡೆ ನಿಲ್ಲುವುದು, ಕೊನೆಗೆ ಬಂದವರಿಗೆ ಬರೀ ರಸವೇ ಉಳಿಯುವುದು, ಇವು ಯಾವುವೂ ಆ ಐದು ತಟ್ಟೆಗಳಲ್ಲಿ ಕಾಣಿಸುವುದಿಲ್ಲ. ಇವರು ಕೇಳಿದ್ದು ಪೂರ್ಣ ಸಂಖ್ಯೆಗೆ, ಹಣ ಪಡೆದು, ಸತತ ಮೂರು ದಿನದ ಪ್ರಾಯೋಗಿಕ ಪೂರೈಕೆಯನ್ನು. ಮೂರನೆಯ ದಿನ ನಾನು ಬೇಕೆಂದೇ ಸಾಲಿನ ಕೊನೆಯಲ್ಲಿ ನಿಂತೆ. ಮೊದಲಿನವರಿಗೆ ಸಿಕ್ಕಷ್ಟೇ ತರಕಾರಿ ನನ್ನ ತಟ್ಟೆಗೂ ಬಂತು.

ಈಗ ದಿನವೂ ನಡೆಯುವ, ನನಗೆ ಅತ್ಯಂತ ಪ್ರಿಯವಾದ ಸಂಗತಿಗೆ ಬರುತ್ತೇನೆ. ಬೇಯಿಸಿದ ಆಹಾರವನ್ನು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿ ಇಡಬೇಕು, ಕೋಣೆಯ ತಾಪಮಾನದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಸಲಹೆ. ಪತ್ರದಲ್ಲಿ ಈ ಎರಡೂ ಅಂಕಿಗಳನ್ನು ಬರೆದು, ಪ್ರತಿ ಪೆಟ್ಟಿಗೆಯ ಬಿಸಿಯನ್ನು ನಮ್ಮ ಕಣ್ಣೆದುರಿಗೇ ಅಳೆದು ಪುಸ್ತಕದಲ್ಲಿ ದಾಖಲಿಸುತ್ತೇವೆ ಎಂದಿದ್ದರು. ಪತ್ರದ ಈ ಭಾಗ ಒಂದು ತಿಂಗಳು ನಡೆದು ನಿಂತುಹೋಗುತ್ತದೆ ಎಂದೇ ನಾನು ಎಣಿಸಿದ್ದೆ. ಇಂದಿಗೂ ನಡೆಯುತ್ತಿದೆ. ಬಡಿಸುವ ಹಿರಿಯರು ಪೆಟ್ಟಿಗೆಯ ಕೊಂಡಿ ಬಿಚ್ಚಿ, ಉದ್ದ ಕಡ್ಡಿಯ ಥರ್ಮಾಮೀಟರನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಪಾತ್ರೆಯ ಅಂಚಿಗಲ್ಲ, ನಟ್ಟನಡುವೆ ಇಳಿಸುತ್ತಾರೆ. ಅಂಕಿ ಏರಿ ಏರಿ ಒಂದೆಡೆ ನಿಲ್ಲುವವರೆಗೆ ಕೈ ಅಲುಗಿಸುವುದಿಲ್ಲ. ಬಳಿಕ ಗೋಡೆಗೆ ನೇತುಹಾಕಿದ ಪುಸ್ತಕದಲ್ಲಿ ಪದಾರ್ಥದ ಹೆಸರು, ಒಲೆಯಿಂದ ಇಳಿಸಿದ ಸಮಯ, ಈಗಿನ ಸಮಯ, ಬಿಸಿ, ಸಹಿ. ತಿಂಗಳಿಗೊಮ್ಮೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಆ ಥರ್ಮಾಮೀಟರನ್ನು ಅದ್ದಿ, ಅದು ಸೊನ್ನೆ ತೋರಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ; ಆ ದಿನ ನಮ್ಮ ಲೆಕ್ಕ ವಿಭಾಗದವರೂ ನೋಡಲು ಬಂದು ನಿಲ್ಲುತ್ತಾರೆ.

ಆ ಪುಸ್ತಕ ಬರಿಯ ಶಿಸ್ತಿನ ಪ್ರದರ್ಶನವಲ್ಲ ಎಂಬುದು ಒಂದು ಮಧ್ಯಾಹ್ನ ತಿಳಿಯಿತು. ಉಳಿದೆಲ್ಲ ಪಾತ್ರೆಗಳು 70ರ ಆಸುಪಾಸಿನಲ್ಲಿದ್ದಾಗ ಒಂದು ಪೆಟ್ಟಿಗೆಯ ಅನ್ನ ಮಾತ್ರ 56 ಡಿಗ್ರಿ ತೋರಿಸಿತು. ಅನ್ನದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಉಳಿಯಬಲ್ಲವು. ಬೆಂದ ಅನ್ನ ಉಗುರುಬೆಚ್ಚಗೆ ಹೆಚ್ಚು ಹೊತ್ತು ಕುಳಿತರೆ ಅವು ಚಿಗುರಿ ವಿಷ ತಯಾರಿಸುತ್ತವೆ, ಮತ್ತೆ ಬಿಸಿಮಾಡಿದರೂ ವಾಂತಿ ತರಿಸುವ ಆ ವಿಷ ನಾಶವಾಗುವುದಿಲ್ಲ. ಹಾಗಾಗಿ ಒಲೆಯ ಮೇಲಿಟ್ಟು ಕಾಯಿಸಿದರಾಯಿತು ಎನ್ನುವಂತಿಲ್ಲ. ಎಷ್ಟು ಹೊತ್ತು ಕಳೆದಿದೆ ಎಂಬುದು ಗೊತ್ತಿರಬೇಕು. ಪುಸ್ತಕದಲ್ಲಿ ಅದು ಇತ್ತು: 11:25ಕ್ಕೆ ಇಳಿಸಿದ್ದು, ಆಗ ಸಮಯ 12:30. ಎರಡು ಗಂಟೆಗೆ ಇನ್ನೂ ಸಾಕಷ್ಟು ಅವಧಿ ಇದ್ದುದರಿಂದ ಆ ಪೆಟ್ಟಿಗೆಯನ್ನೇ ಮೊದಲು ತೆರೆದು ಬಡಿಸಿದರು. 1:15ಕ್ಕೆ ಅದರಲ್ಲಿ ಉಳಿದದ್ದನ್ನು ಯಾರಿಗೂ ಕಟ್ಟಿಕೊಡದೆ ಬಿಸಾಡಿದರು. ಕಾರಣ ಹುಡುಕಿದಾಗ ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ ಒಂದು ಮೂಲೆಯಲ್ಲಿ ಸವೆದಿತ್ತು. ಇದನ್ನು ತೆರೆಯುವ ಮೊದಲೇ ಗುರುತಿಸಬಹುದಂತೆ: ಮುಚ್ಚಿದ ಪೆಟ್ಟಿಗೆಯ ಹೊರಗಿನ ಅಂಚಿನಲ್ಲಿ ಒಂದೇ ಕಡೆ ನೀರಹನಿ ಕಟ್ಟಿದ್ದರೆ ಹಬೆ ಅಲ್ಲಿಂದ ಸೋರುತ್ತಿದೆ ಎಂದರ್ಥ. ಅಂದಿನಿಂದ ನಾನೂ ಪೆಟ್ಟಿಗೆಗಳ ಅಂಚನ್ನು ನೋಡುತ್ತೇನೆ.

ತಡವಾಗಿ ಊಟಕ್ಕೆ ಬರುವವರಿಗಾಗಿ ಪ್ರತ್ಯೇಕ ಸಣ್ಣ ಪೆಟ್ಟಿಗೆ ತರುವ ಏರ್ಪಾಡೂ ಈ ಪತ್ರದಲ್ಲೇ ಇತ್ತು. ಅದನ್ನು ಒಂದೂವರೆಗೆ ಮುನ್ನ ತೆರೆಯುವುದಿಲ್ಲ. ಅರ್ಧ ಖಾಲಿಯಾಗಿ ಪದೇಪದೇ ತೆರೆದ ದೊಡ್ಡ ಪಾತ್ರೆ ಬೇಗ ಆರುತ್ತದೆ, ತುಂಬಿ ಮುಚ್ಚಿದ ಚಿಕ್ಕದು ಬಿಸಿ ಹಿಡಿದುಕೊಳ್ಳುತ್ತದೆ. ಅಷ್ಟೇ ಅದರ ಹಿಂದಿನ ತರ್ಕ.

ಇಷ್ಟು ಮೆಚ್ಚಿದ ಮೇಲೆ, ನನಗೆ ವರ್ಷವಿಡೀ ಕಿರಿಕಿರಿ ತಂದ ಒಂದು ಸಾಲಿನ ಬಗ್ಗೆಯೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಪತ್ರದ ಎರಡನೆಯ ಪುಟದ ಕೊನೆಯಲ್ಲಿ, ಪಾವತಿಯ ಅವಧಿಯ ಬಗೆಗಿನ ಮಾತಿನ ನಡುವೆ, "ದಿನಕ್ಕೆ ಕನಿಷ್ಠ 100 ಊಟಗಳಿಗೆ ಬಿಲ್ ಮಾಡಲಾಗುವುದು" ಎಂದಿತ್ತು. ಒಲೆಯಿಂದ ತಟ್ಟೆಯವರೆಗಿನ ಪ್ರತಿ ಹೆಜ್ಜೆಯನ್ನು ಬಿಡಿಸಿ ಹೇಳಿದವರು ಹಣದ ಈ ಷರತ್ತನ್ನು ಮಾತ್ರ ವಿವರಣೆಯಿಲ್ಲದೆ ಮೂಲೆಗೆ ತಳ್ಳಿದ್ದು ನನಗೆ ಸರಿಯೆನಿಸಲಿಲ್ಲ, ಈಗಲೂ ಸರಿಯೆನಿಸುವುದಿಲ್ಲ.

ನಮ್ಮಲ್ಲಿ ಶುಕ್ರವಾರ ಅನೇಕರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಂದು ವಾರದ ಲೆಕ್ಕ ಹೀಗಿದೆ: ಸೋಮವಾರದಿಂದ ಗುರುವಾರದವರೆಗೆ ಕ್ರಮವಾಗಿ 112, 118, 116, 104 ಊಟ, ಶುಕ್ರವಾರ 68. ನಿಜವಾಗಿ ಉಂಡದ್ದು 518. ಬಿಲ್ ಬಂದದ್ದು 550ಕ್ಕೆ. ಶುಕ್ರವಾರದ ಉಣ್ಣದ 32 ಊಟಗಳಿಗೂ ಹಣ ಕೊಟ್ಟೆವು, ಅಂದರೆ ಆ ದಿನದ ಪ್ರತಿ ಊಟ ನಮಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ದುಬಾರಿಯಾಯಿತು. ನಮ್ಮ ಸಂಸ್ಥೆಯಲ್ಲಿ ಊಟದ ಅರ್ಧ ವೆಚ್ಚವನ್ನು ಸಿಬ್ಬಂದಿಯ ಸಂಬಳದಿಂದ ಕಳೆಯುವುದರಿಂದ, ಉಣ್ಣದ ತಟ್ಟೆಯ ಹಣವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬ ಪ್ರಶ್ನೆ ತಿಂಗಳ ಕೊನೆಯಲ್ಲಿ ತಪ್ಪದೆ ಏಳುತ್ತಿತ್ತು. ಒಂದು ಹಂತದಲ್ಲಿ ಬೇರೆ ಪೂರೈಕೆದಾರರಿಂದ ಪ್ರಸ್ತಾವನೆ ತರಿಸಲೂ ಮೇಲಿನವರು ಹೇಳಿದರು.

ಕೊನೆಗೆ ಕೇಟರಿಂಗ್ ಸಂಸ್ಥೆಯ ಮುಖ್ಯಸ್ಥರನ್ನೇ ಕರೆಸಿ ಮಾತನಾಡಿದೆವು. "ಮೇಡಂ, ಅರವತ್ತು ಊಟಕ್ಕೂ ಅದೇ ವಾಹನ, ಅದೇ ಚಾಲಕ, ಅದೇ ಇಬ್ಬರು ಬಡಿಸುವವರು. ದಿನಸಿ ಮಾತ್ರ ಕಡಿಮೆಯಾಗುತ್ತದೆ, ಉಳಿದ ಖರ್ಚು ಕಡಿಮೆಯಾಗುವುದಿಲ್ಲ" ಎಂದು ಅವರು ಹೇಳಿದಾಗ ಆ ಮಾತಿನಲ್ಲಿ ಸತ್ಯವಿದೆ ಎಂದು ಒಪ್ಪಿಕೊಂಡೆ. ಇದನ್ನು ಪತ್ರದಲ್ಲೇ ಬರೆಯಬಹುದಿತ್ತಲ್ಲ ಎಂದೂ ಕೇಳಿದೆ. ಮಾತುಕತೆಯಲ್ಲಿ ಹೊರಬಂದ ಪರಿಹಾರ ಸರಳವಾಗಿತ್ತು: ದಿನಕ್ಕೆ 100 ಎಂಬ ಮಿತಿಯ ಬದಲು ವಾರಕ್ಕೆ 500. ಮೇಲಿನ ವಾರಕ್ಕೆ ಇದನ್ನು ಅನ್ವಯಿಸಿದರೆ 518 ಊಟಗಳು ಮಿತಿಯನ್ನು ದಾಟುತ್ತವೆ, ಬಿಲ್ ಕೂಡ 518ಕ್ಕೇ. ಪ್ರತಿಯಾಗಿ ಅವರು ಕೇಳಿದ್ದು, ಶುಕ್ರವಾರದ ಅಂದಾಜು ಸಂಖ್ಯೆಯನ್ನು ಬುಧವಾರ ಮಧ್ಯಾಹ್ನದೊಳಗೆ ತಿಳಿಸಬೇಕು ಎಂದು, ಏಕೆಂದರೆ ಗುರುವಾರವೇ ತರಕಾರಿ ಖರೀದಿಯಾಗುತ್ತದೆ, ಮತ್ತು ಶುಕ್ರವಾರ ಬಡಿಸಲು ಒಬ್ಬರನ್ನೇ ಕಳುಹಿಸುತ್ತಾರೆ. ಸಾಲು ತುಸು ನಿಧಾನವಾಗುತ್ತದೆ, ಯಾರೂ ದೂರಿಲ್ಲ. ರಜೆಗಳಿರುವ ವಾರದಲ್ಲಿ ಮಾತ್ರ ಈ ಲೆಕ್ಕ ಕೆಡುತ್ತಿತ್ತು. ಕಚೇರಿ ಮುಚ್ಚಿರುವ ಪ್ರತಿ ದಿನಕ್ಕೆ ಮಿತಿಯಿಂದ 100 ಕಳೆಯಬೇಕೆಂದು ಈಗ ಬರೆಸಿದ್ದೇವೆ.

ಅಲರ್ಜಿ ಇರುವವರ ಊಟಕ್ಕೆ ಹೆಸರು ಬರೆದ ಮುಚ್ಚಿದ ಡಬ್ಬಿ ಬರುತ್ತದೆ, ಒಮ್ಮೆಯೂ ಅದಲುಬದಲಾಗಿಲ್ಲ. ರುಚಿಯ ಬಗ್ಗೆ ಹೇಳುವುದಾದರೆ ನಾಲ್ಕು ವಾರಕ್ಕೊಮ್ಮೆ ಮರುಕಳಿಸುವ ಮೆನು ಎರಡನೆಯ ವರ್ಷದ ಹೊತ್ತಿಗೆ ಬೇಸರ ತರಿಸುತ್ತದೆ. ಆರು ವಾರಕ್ಕೆ ಹಿಗ್ಗಿಸಲು ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ದಿನದಿನದ ಹಾಜರಿ ಹೆಚ್ಚು ಏರಿಳಿಯದ, ನೂರರ ಸುತ್ತಮುತ್ತಲಿನ ಸಂಖ್ಯೆಯ ಕಚೇರಿಗಳಿಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮೂವತ್ತು ನಲವತ್ತು ಜನರಿರುವ ಕಚೇರಿಗೆ ಕನಿಷ್ಠ ಸಂಖ್ಯೆಯ ಷರತ್ತು ಭಾರವಾಗುತ್ತದೆ. ಅಂಥವರು ಪತ್ರ ಕೈಗೆ ಬಂದ ದಿನವೇ ಮಿತಿ ದಿನಕ್ಕೋ ವಾರಕ್ಕೋ ಎಂದು ಲಿಖಿತವಾಗಿ ಕೇಳಿಕೊಳ್ಳಲಿ. ನಮ್ಮ ಮೂರನೆಯ ವರ್ಷದ ಪತ್ರ ಕಳೆದ ವಾರ ಬಂತು. ಕನಿಷ್ಠ ಸಂಖ್ಯೆಯ ಷರತ್ತು ಈ ಬಾರಿ ಮೊದಲ ಪುಟದಲ್ಲಿ, ದರದ ಪಕ್ಕದಲ್ಲೇ ಇದೆ, ಅದರ ಕೆಳಗೆ ವಾಹನ ಮತ್ತು ಬಡಿಸುವವರ ಖರ್ಚಿನ ವಿವರಣೆಯೂ ಇದೆ. ಸಹಿ ಮಾಡಲು ಮೇಲಿನವರಿಗೆ ಕಳುಹಿಸಿದ್ದೇನೆ.