ಹೊಳಪು, ಬಣ್ಣ, ಚಲನೆ: ಫೋಟೋದಲ್ಲಿ ಮಂಗಳ ಯಾವುದು ಅಂತ ಹುಡುಕೋಕೆ ಯಾವುದನ್ನ ನಂಬಬಹುದು?

2021ರ ಮಾರ್ಚ್ 4ರ ಸಂಜೆ ಮಂಗಳ ಕೃತ್ತಿಕೆ ಗೊಂಚಲಿನ ಪಕ್ಕಕ್ಕೆ ಬಂದಿದ್ದ, ಸ್ವಲ್ಪ ಆಚೆ ರೋಹಿಣಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು 50 ಎಂಎಂ ಲೆನ್ಸಲ್ಲಿ 8 ಸೆಕೆಂಡಿನ ಫೋಟೋಗಳನ್ನ ಸಾಲಾಗಿ ತೆಗೆದೆ. ಆಮೇಲೆ ನೋಡಿದ್ರೆ ದೊಡ್ಡ ಚುಕ್ಕಿ ಎರಡು, ಜೊತೆಗೆ ಒಂದು ಉದ್ದ ಗೆರೆ. ಆಪ್ ತೆಗೆಯದೆ ಬರೀ ಫೋಟೋದಿಂದಲೇ ಕಂಡುಹಿಡಿಯೋಣ ಅಂತ ಕೂತೆ.

ಮೊದಲು ಹೊಳಪು. ಶುಕ್ರ, ಗುರು ಆಗಿದ್ರೆ ಇದೊಂದೇ ಸಾಕಿತ್ತು, ಆದ್ರೆ ಮಂಗಳ ಹಂಗಲ್ಲ, ಹಿಂದಿನ ಅಕ್ಟೋಬರಲ್ಲಿ ಭೂಮಿಗೆ ಹತ್ರ ಇದ್ದಾಗ ಗುರುವಿಗಿಂತ ಜೋರಾಗಿ ಹೊಳೀತಿದ್ದವನು ದೂರ ಹೋಗ್ತಾ ಹೋಗ್ತಾ ಮಾರ್ಚಿಗೆ ರೋಹಿಣಿ ಮಟ್ಟಕ್ಕೇ ಇಳಿದಿದ್ದ. ಫೋಟೋದಲ್ಲಿ ಎರಡೂ ಒಂದೇ ಗಾತ್ರ. ಗೆರೆ ವಿಷಯದಲ್ಲಂತೂ ಹೊಳಪು ದಾರಿ ತಪ್ಪಿಸುತ್ತೆ: ನಕ್ಷತ್ರದ ಬೆಳಕು ಅದೇ ನಾಲ್ಕೈದು ಪಿಕ್ಸೆಲ್ ಮೇಲೆ 8 ಸೆಕೆಂಡೂ ಬೀಳುತ್ತೆ, ಉಪಗ್ರಹದ್ದು ಒಂದೊಂದು ಪಿಕ್ಸೆಲ್ ಮೇಲೆ ಕ್ಷಣ ಮಾತ್ರ ಬಿದ್ದು ಮುಂದೆ ಹೋಗುತ್ತೆ. ಹಾಗಾಗಿ ಕಣ್ಣಿಗೆ ಚೆನ್ನಾಗಿ ಕಂಡಿದ್ದೂ ಫೋಟೋದಲ್ಲಿ ಮಂಕು, ಎಕ್ಸ್‌ಪೋಶರ್ ಜಾಸ್ತಿ ಮಾಡಿದ್ರೆ ಗೆರೆ ಉದ್ದ ಆಗುತ್ತೆ ಅಷ್ಟೇ, ಹೊಳಪು ಏರಲ್ಲ.

ಬಣ್ಣ ಇದಕ್ಕಿಂತ ವಾಸಿ, ಆದ್ರೆ ಸರಿಯಾಗಿ ಫೋಕಸ್ ಆಗಿರೋ ಫೋಟೋದಲ್ಲಿ ದೊಡ್ಡ ಚುಕ್ಕಿ ನಡುವೆ ಬೆಳ್ಳಗೆ ಸುಟ್ಟುಹೋಗಿರುತ್ತೆ, ಬಣ್ಣ ಅಂಚಲ್ಲಿ ಮಾತ್ರ ಉಳಿದಿರುತ್ತೆ. ಅದಕ್ಕೆ ವೈಟ್ ಬ್ಯಾಲೆನ್ಸನ್ನ ಆಟೋದಿಂದ ಡೇಲೈಟಿಗೆ ಹಾಕಿ, ಫೋಕಸ್ ಚೂರು ತಪ್ಪಿಸಿ ಇನ್ನೊಂದು ತೆಗೆದೆ. ಚುಕ್ಕಿಗಳು ಪುಟ್ಟ ಬಿಲ್ಲೆಗಳಾದ್ವು, ಕೃತ್ತಿಕೆ ನೀಲಿ ಅಂತ ಸ್ಪಷ್ಟವಾಗಿ ಕಾಣ್ತು, ಆದ್ರೆ ಮಂಗಳ, ರೋಹಿಣಿ ಎರಡೂ ಕಿತ್ತಳೆ! ಇಲ್ಲಿ ಬಣ್ಣವೂ ಕೈಕೊಡ್ತು.

ಚಲನೆ ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ, ಆದ್ರೆ ಒಂದೇ ಫೋಟೋದಲ್ಲಿ ಅಲ್ಲ. ಭೂಮಿ ತಿರುಗೋದ್ರಿಂದ 8 ಸೆಕೆಂಡಲ್ಲಿ ನಕ್ಷತ್ರ, ಗ್ರಹ ಎರಡೂ ಒಂದೇ ಥರ ಚೂರೇ ಚೂರು ಎಳೆದಿರುತ್ತೆ. ಗೆರೆ ಮಾತ್ರ ಆಗಲೇ ಗೊತ್ತಾಯ್ತು, ಮುಂದಿನ ಫ್ರೇಮಲ್ಲಿ ಅದೇ ನೇರಕ್ಕೆ ಮುಂದುವರಿದಿತ್ತು, ನಡುವೆ ಮಿಣುಕು ಚುಕ್ಕಿಗಳಿಲ್ಲ. ಉಲ್ಕೆ ಆಗಿದ್ರೆ ಒಂದೇ ಫ್ರೇಮಿಗೆ ಮುಗೀತಿತ್ತು, ವಿಮಾನ ಆಗಿದ್ರೆ ಮಣಿಸರದ ಹಂಗೆ ಕಾಣ್ತಿತ್ತು. ಮೂರನೇ ಫ್ರೇಮಲ್ಲಿ ಆ ಗೆರೆ ಅರ್ಧದಲ್ಲೇ ಮಸುಕಾಗಿ ಮಾಯ, ಉಪಗ್ರಹ ಭೂಮಿಯ ನೆರಳೊಳಗೆ ಹೋಯ್ತು.

ಮಂಗಳನಿಗೆ ಒಂದು ವಾರ ಕಾದು ಅದೇ ಲೆನ್ಸಲ್ಲಿ ಮತ್ತೆ ತೆಗೆದೆ. ಎರಡೂ ಫೋಟೋಲಿ ಕೃತ್ತಿಕೆ, ರೋಹಿಣಿ ಒಂದರ ಮೇಲೊಂದು ಕೂರೋ ಹಾಗೆ ಜೋಡಿಸಿದ್ರೆ ಒಂದು ಕಿತ್ತಳೆ ಚುಕ್ಕಿ ಮಾತ್ರ ಪೂರ್ವಕ್ಕೆ ಸುಮಾರು 4 ಡಿಗ್ರಿ ಸರಿದಿತ್ತು, ಅಂದ್ರೆ ಎಂಟು ಹುಣ್ಣಿಮೆ ಚಂದ್ರರನ್ನ ಸಾಲಾಗಿ ಇಟ್ಟಷ್ಟು ದೂರ. ಅದೇ ಮಂಗಳ. ಶನಿಗೆ ಈ ಉಪಾಯ ಮಾಡೋದಾದ್ರೆ ವಾರ ಸಾಲಲ್ಲ, ತಿಂಗಳಾದ್ರೂ ಬಿಡಿ. ಮಂಗಳನೂ ವಕ್ರಗತಿಗೆ ತಿರುಗೋ ದಿನಗಳಲ್ಲಿ ನಿಂತಲ್ಲೇ ನಿಂತ ಹಾಗೆ ಕಾಣ್ತಾನೆ, ಆಗ ವಾರದ ಫೋಟೋ ನೋಡಿ ನಕ್ಷತ್ರ ಅಂದ್ಕೋಬೇಡಿ.